ಗುಹಾಸುರನ ವರ: ಹರಿಹರದ ಕಥೆಯನ್ನು ಹೇಗೆ ಓದೋಣ?

(ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದ ಕೋಟೆ ಹತ್ತಿದವರು ಹಿಡಿಂಬೇಶ್ವರನ ಗುಡಿ ನೋಡಿರುತ್ತೀರಿ. ಅಲ್ಲಿ ಹಿಡಿಂಬನ ಹಲ್ಲು ಅಂತ ಹೇಳಿಕೊಂಡು ಬಂದಿರುವ ಒಂದು ದೊಡ್ಡ ಎಲುಬಿನ ಸುದ್ದಿಯನ್ನೂ ಕೇಳಿರುತ್ತೀರಿ. ಅದರ ಮೇಲೆ ನಮ್ಮ ಕಡೆ ಆಗಾಗ ವಾದ ಏಳುತ್ತದೆ. ಒಬ್ಬರು "ನೋಡ್ರಿ, ರಾಕ್ಷಸ ಇದ್ದ ಅನ್ನೋದಕ್ಕೆ ಇದೇ ಪುರಾವೆ" ಅನ್ನುತ್ತಾರೆ. ಇನ್ನೊಬ್ಬರು "ಅದು ಆನೆ ಹಲ್ಲು ಕಣ್ರಿ, ಕಥೆಯೆಲ್ಲ ಬುರುಡೆ" ಅನ್ನುತ್ತಾರೆ. ಮೇಲ್ನೋಟಕ್ಕೆ ಇಬ್ಬರೂ ಬದ್ಧ ವೈರಿಗಳು. ಆದರೆ ಪುರಾಣ ಅಂದರೆ ಹಳೇ ಕಾಲದ ವರದಿ ಅನ್ನೋದನ್ನು ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದಾರೆ. ವರದಿ ನಿಜವೋ ಸುಳ್ಳೋ ಅನ್ನೋದಷ್ಟೇ ತಕರಾರು.

ಎಲುಬನ್ನು ಪರೀಕ್ಷೆಗೆ ಕಳಿಸಿದರೆ ಎಲುಬಿನ ಜಗಳ ತೀರುತ್ತದೆ. ಆದರೆ ಜನ ಆ ಕಥೆಯನ್ನು ಯಾಕೆ ಹೇಳುತ್ತ ಬಂದರು ಅನ್ನೋದು ಹಾಗೇ ಉಳಿಯುತ್ತದೆ. ಇವತ್ತು ಆ ಪ್ರಶ್ನೆಯನ್ನು ನಮ್ಮ ಪಕ್ಕದ ಹರಿಹರದ ಕಥೆ ಇಟ್ಟುಕೊಂಡು ಕೇಳೋಣ.

ಕಥೆ ನಿಮಗೆ ಗೊತ್ತು, ಆದರೂ ಒಮ್ಮೆ ಹೇಳುತ್ತೇನೆ. ಗುಹ ಅನ್ನೋ ಅಸುರ ಬ್ರಹ್ಮನನ್ನು ಕುರಿತು ತಪಸ್ಸು ಮಾಡಿದ. ಹರಿಯಿಂದ ಸಾವು ಬರಬಾರದು, ಹರನಿಂದಲೂ ಬರಬಾರದು ಅಂತ ವರ ಕೇಳಿದ. ಬ್ರಹ್ಮ ಕೊಟ್ಟ. ಆಮೇಲೆ ಅವನ ಕಾಟ ತಡೆಯೋರೇ ಇಲ್ಲ. ಕೊನೆಗೆ ಹರಿ ಮತ್ತು ಹರ ಒಂದೇ ಮೈಯಾಗಿ, ಹರಿದ್ರಾ ನದಿ ತುಂಗಭದ್ರೆಗೆ ಸೇರುವ ಕೂಡಲೂರಿನಲ್ಲಿ, ಅಂದರೆ ಈಗಿನ ಹರಿಹರದಲ್ಲಿ, ಇಳಿದು ಅವನನ್ನು ಕೊಂದರು. ಸಾಯುವಾಗ ಅಸುರ, ಈ ಜಾಗಕ್ಕೆ ನನ್ನ ಹೆಸರು ಇರಲಿ ಅಂತ ಬೇಡಿಕೊಂಡ. ಅದಕ್ಕೇ ಅದು ಗುಹಾರಣ್ಯ ಕ್ಷೇತ್ರ.

ಪುರಾಣವನ್ನು ವರದಿಯಾಗಿ ಓದುವ ಪದ್ಧತಿ ಹೊಸದಲ್ಲ. ಕ್ರಿಸ್ತಪೂರ್ವ 300ರ ಸುಮಾರಿಗೆ ಗ್ರೀಸಿನಲ್ಲಿ ಯೂಹೆಮೆರಸ್ ಅನ್ನೋನು, ದೇವರುಗಳೆಲ್ಲ ಹಿಂದೆ ಆಳಿದ ರಾಜರು ಅಂತ ಬರೆದ. ಅದಕ್ಕೆ ಸಾಕ್ಷಿಯಾಗಿ ಪಾಂಖಿಯಾ ಅನ್ನೋ ದ್ವೀಪದಲ್ಲಿ ಬಂಗಾರದ ಕಂಬ ಇದೆ, ಅದರ ಮೇಲೆ ಗ್ರೀಕರ ದೇವರಾಜ ಸ್ಯೂಸ್ ಮುಂತಾದವರ ರಾಜ್ಯಭಾರದ ಲೆಕ್ಕ ಕೆತ್ತಿದೆ ಅಂದ. ತಮಾಷೆ ಅಂದರೆ ಆ ದ್ವೀಪವೇ ಕಟ್ಟುಕಥೆ. ಅವನ ದಾರಿಯಲ್ಲಿ ಹೋದರೆ ಗುಹ ಒಬ್ಬ ಹಳೆಯ ಪಾಳೆಯಗಾರ ಆಗುತ್ತಾನೆ. ಅದಕ್ಕೆ ಆಧಾರವೂ ಸಿಕ್ಕ ಹಾಗೆ ಕಾಣುತ್ತದೆ. ಸ್ಥಳಪುರಾಣ ಅವನ ಸೀಮೆಗೆ ಉಚ್ಚಂಗಿದುರ್ಗ, ಐರಣಿಯಂಥ ನಿಜವಾದ ಊರುಗಳನ್ನೇ ಎಲ್ಲೆಯಾಗಿ ಹೇಳುತ್ತದೆ. ಆದರೆ ಹೀಗೆ ಓದಿದರೆ ವರ ಎಲ್ಲಿ ಹೋಯಿತು? ಎರಡು ದೇವರು ಒಂದಾದ ಭಾಗ ಎಲ್ಲಿ ಹೋಯಿತು? ಕಥೆಯ ಜೀವವನ್ನೇ ಕಿತ್ತುಹಾಕಿ, ಉಳಿದಿದ್ದಕ್ಕೆ ಇತಿಹಾಸ ಅಂತ ಹೆಸರಿಟ್ಟ ಹಾಗಾಯಿತು.

19ನೇ ಶತಮಾನದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಪುರಾಣಗಳಲ್ಲಿ ಸೂರ್ಯ, ಉಷಸ್ಸು, ಕತ್ತಲೆಯನ್ನು ಹುಡುಕಿದರು. ಅವರ ಲೆಕ್ಕದಲ್ಲಿ ಗುಹ ಗವಿಯ ಕತ್ತಲೆ ಆಗಿಬಿಡುತ್ತಿದ್ದ. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. 1870ರಲ್ಲಿ ಲಿಟಲ್‌ಡೇಲ್ ಅನ್ನೋ ಪಾದ್ರಿ ಇದೇ ಪದ್ಧತಿ ಬಳಸಿ, ಮ್ಯಾಕ್ಸ್ ಮುಲ್ಲರ್ ಅನ್ನೋ ಮನುಷ್ಯನೇ ಇಲ್ಲ, ಅವರೂ ಒಂದು ಸೂರ್ಯಪುರಾಣ ಅಂತ ಅಣಕ ಬರೆದ. ಎಲ್ಲ ಬೀಗವನ್ನೂ ತೆಗೆಯುವ ಕೀಲಿಯನ್ನು ನಂಬಬಾರದು, ಅಲ್ವಾ?

ಈಗ ಲೆವಿ-ಸ್ಟ್ರಾಸ್ ಹತ್ತಿರ ಬರೋಣ. ಈ ಫ್ರೆಂಚ್ ವಿದ್ವಾಂಸ 1955ರಲ್ಲಿ ಬರೆದ ಲೇಖನದ ತಿರುಳು ಇಷ್ಟು: ಮನುಷ್ಯನಿಗೆ ಬಗೆಹರಿಯದ ವಿರೋಧಗಳಿರುತ್ತವೆ. ಪುರಾಣ ಅವುಗಳ ನಡುವೆ ಮಧ್ಯಸ್ಥರನ್ನು ತಂದು ನಿಲ್ಲಿಸುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಗಳಲ್ಲಿ ಕಾಡುಕಾಗೆ, ಕಯೋಟಿ ಅನ್ನೋ ತೋಳದ ಜಾತಿಯ ಪ್ರಾಣಿ, ಇವೇ ಯಾಕೆ ಕಿಲಾಡಿ ಪಾತ್ರಗಳು? ಅವು ಸತ್ತ ಪ್ರಾಣಿಯನ್ನೂ ತಿನ್ನುತ್ತವೆ. ಬೇಟೆ ಪ್ರಾಣಿಯ ಹಾಗೆ ಮಾಂಸ ತಿನ್ನುತ್ತವೆ. ಆದರೆ ಸತ್ತದ್ದನ್ನು ತಿನ್ನುವಾಗ, ಹುಲ್ಲು ತಿನ್ನುವ ಪ್ರಾಣಿಯ ಹಾಗೆ ಕೊಲ್ಲೋದಿಲ್ಲ. ಅಂದರೆ ಎರಡರ ಮಧ್ಯದವು.

ಅವರ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯ. ಒಂದು ಕಥೆಯನ್ನು ಒಂಟಿಯಾಗಿ ಓದಬೇಡಿ, ಅದರ ದಾಯಾದಿಗಳ ಜೊತೆ ಇಟ್ಟು ಓದಿ. ಗುಹನ ದಾಯಾದಿಗಳು ಯಾರು? ವರ ಕೇಳಿದ ಅಸುರರು. ಹಿರಣ್ಯಕಶಿಪು ಮನುಷ್ಯನಿಂದಲೂ ಬೇಡ ಮೃಗದಿಂದಲೂ ಬೇಡ, ಹಗಲೂ ಬೇಡ ರಾತ್ರಿಯೂ ಬೇಡ, ಒಳಗೂ ಬೇಡ ಹೊರಗೂ ಬೇಡ ಅಂದ. ನರಸಿಂಹ ಮುಸ್ಸಂಜೆಯಲ್ಲಿ ಹೊಸ್ತಿಲ ಮೇಲೆ ಕೂತು ಅವನನ್ನು ಸೀಳಿದ. ಮಹಿಷ ಗಂಡಸರಿಂದ ಸಾವು ಬೇಡ ಅಂದ. ಹೆಣ್ಣನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಲೆಕ್ಕಕ್ಕೆ ಬಾರದವಳೇ ಬಂದಳು.

ಗಮನಿಸಿ, ಮಹಿಷನ ವರ ಒಡೆಯೋದು ಬಿಟ್ಟುಹೋದದ್ದರಿಂದ. ಹಿರಣ್ಯಕಶಿಪುವಿನದು ಒಡೆಯೋದು ಎರಡರ ನಡುವಿನದರಿಂದ. ಗುಹನದೂ ಎರಡನೇ ಜಾತಿಯದೇ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಮನುಷ್ಯ–ಮೃಗ, ಹಗಲು–ರಾತ್ರಿ ಇವು ಲೋಕದಲ್ಲೇ ಇರುವ ಭೇದಗಳು. ಹರಿ–ಹರ ಭೇದ ಭಕ್ತರು ಮಾಡಿಕೊಂಡದ್ದು. ಗುಹ ಆ ಭೇದವನ್ನೇ ನೆಚ್ಚಿಕೊಂಡು ವರ ಕೇಳಿದ್ದಾನೆ. ಅವರಿಬ್ಬರೂ ಯಾವತ್ತೂ ಬೇರೆಬೇರೆಯೇ ಇರುತ್ತಾರೆ ಅನ್ನೋದೇ ಅವನ ಬಲ. ಅವರು ಕೂಡಿದ ಕೂಡಲೇ ವರದ ಒಂದಕ್ಷರವೂ ಮುರಿಯದೆ ಅವನು ಸಾಯುತ್ತಾನೆ.

ಇದು ನನ್ನ ಕಲ್ಪನೆ ಅಲ್ಲ ಅಂತ ಹೇಗೆ ಗೊತ್ತಾಗಬೇಕು? ಕಥೆಯ ಒಂದು ಭಾಗ ಬದಲಿಸಿ ನೋಡಿ. ಗುಹನನ್ನು ಹರ ಒಬ್ಬನೇ ಕೊಂದ ಅನ್ನಿ. ಆಗ ಅದು ಬೇರೆಯೇ ಕಥೆ ಆಗುತ್ತದೆ, ಮತ್ತು ಅಂಥ ಕಥೆ ನಮ್ಮಲ್ಲಿ ಇದೆ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಸಿಟ್ಟು ಇಳಿಯಲಿಲ್ಲ, ಆಗ ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ ಅಂತ ಶೈವರು ಹೇಳುತ್ತಾರೆ. ವೈಷ್ಣವರು ಸುಮ್ನೆ ಕೂತರೇ? ವಿಷ್ಣು ಗಂಡಭೇರುಂಡನಾಗಿ ಶರಭನನ್ನೇ ಎದುರಿಸಿದ ಅಂದರು. ಸಿಂಹಕ್ಕಿಂತ ಶರಭ ದೊಡ್ಡದು, ಶರಭಕ್ಕಿಂತ ಭೇರುಂಡ ದೊಡ್ಡದು. ಗೆದ್ದವನನ್ನು ಗೆಲ್ಲಲು ಇನ್ನೂ ದೊಡ್ಡ ಪ್ರಾಣಿ ಬೇಕು. ಈ ಸ್ಪರ್ಧೆಗೆ ಕೊನೆಯೇ ಇಲ್ಲ. (ಆ ಭೇರುಂಡವೇ ಇವತ್ತು ನಮ್ಮ ಸರ್ಕಾರಿ ಲಾಂಛನದ ನಡುವೆ ಕೂತಿದೆ, ಅದು ಬೇರೆ ಮಾತು.) ಇವುಗಳ ಪಕ್ಕ ಇಟ್ಟು ನೋಡಿದಾಗ ಹರಿಹರದ ಕಥೆ ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಜಗಳ ಅದೇ, ಆದರೆ ಈ ಕಥೆ ಸ್ಪರ್ಧೆಗೇ ಇಳಿಯೋದಿಲ್ಲ.

ಆದರೆ ಲೆವಿ-ಸ್ಟ್ರಾಸ್ ಇಲ್ಲಿಗೆ ಕೈ ಎತ್ತುತ್ತಾರೆ. ಈ ಕಥೆ ಇಲ್ಲೇ ಯಾಕೆ ನೆಲೆಯೂರಿತು? ಇದರಿಂದ ಯಾರಿಗೆ ಏನು ಕೆಲಸ ಆಯಿತು? ಇದನ್ನು ಕೇಳೋದು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ಜೊತೆಗಿದ್ದು ಕಥೆ ಕೇಳಿದವರು. ಅಲ್ಲಿನ ಒಂದು ಕಥೆ ಚೆನ್ನಾಗಿದೆ. ಒಂದು ಬಿಲದಿಂದ ನಾಲ್ಕು ಕುಲಗಳ ಪ್ರಾಣಿಗಳು ಒಂದೊಂದಾಗಿ ಹೊರಬಂದವು. ಮೊದಲು ನಾಯಿಯ ಕುಲವೇ ಮೇಲಿತ್ತು. ನಾಯಿ ನೋಕು ಅನ್ನೋ ಕೀಳು ಹಣ್ಣನ್ನು ಮೂಸಿ ತಿಂದಿತು. ಹಂದಿ ಅದನ್ನು ನೋಡಿ, "ನೋಕು ತಿಂದೆ, ನೀನು ಕೀಳು. ಇನ್ನು ಮೇಲೆ ನಾನೇ ನಾಯಕ" ಅಂದಿತು. ಅಲ್ಲಿಂದ ಎಲ್ಲಕ್ಕಿಂತ ದೊಡ್ಡ ಮುಖ್ಯಸ್ಥರು ಹಂದಿ ಕುಲದವರು. ಈ ಕಥೆ ಪ್ರಕೃತಿಯನ್ನು ವಿವರಿಸುತ್ತಿಲ್ಲ. ಯಾರು ಎತ್ತರದ ಜಗಲಿಯ ಮೇಲೆ ಕೂರಬೇಕು ಅಂತ ಹೇಳುತ್ತಿದೆ. ಪುರಾಣ ಅಂದರೆ ಸಮಾಜದ ಹಕ್ಕುಪತ್ರ, ಇದು 1926ರಲ್ಲಿ ಅವರು ಮಂಡಿಸಿದ ವಾದ.

ಹರಿಹರದಲ್ಲಿ ನಮಗೆ ಕಲ್ಲಿನ ಮೇಲಿನ ಪತ್ರವೇ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ. ಒಳಗಿನ ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಆ ಕಾಲದ ಶಾಸನ ಏನು ಹೇಳುತ್ತದೆ ಗೊತ್ತಾ? ಹರಿಯಲ್ಲದೆ ದೇವರಿಲ್ಲ ಅಂತ ಕೆಲವರು, ಹರನಲ್ಲದೆ ಇಲ್ಲ ಅಂತ ಕೆಲವರು ಅನ್ನುತ್ತಿದ್ದಾಗ, ಜನರ ಸಂಶಯ ತೀರಿಸಲು ಕೂಡಲೂರಿನಲ್ಲಿ ಒಂದೇ ರೂಪ ತೋರಿತು ಅಂತ. ವರದ ಮಾತು ಮತ್ತು ಶಾಸನದ ಮಾತು ಪಕ್ಕಪಕ್ಕ ಇಡಿ. ಗುಹ ನೆಚ್ಚಿಕೊಂಡ ಭೇದ ಮತ್ತು ಜನರ ನಡುವಿನ ಆ ವಾದ, ಎರಡೂ ಒಂದೇ. ಲೆವಿ-ಸ್ಟ್ರಾಸ್ ದಾರಿಯ ಓದು, ಮಲಿನೋವ್‌ಸ್ಕಿ ದಾರಿಯ ಓದು ಎರಡೂ ಇಲ್ಲಿ ಕೂಡುತ್ತವೆ.

ಉಚ್ಚಂಗಿ, ಐರಣಿಯ ಎಲ್ಲೆಗಳನ್ನೂ ಈಗ ಇನ್ನೊಮ್ಮೆ ನೋಡಿ. ಯೂಹೆಮೆರಸ್‌ಗೆ ಅವು ಒಬ್ಬ ಪಾಳೆಯಗಾರನ ಗಡಿ. ಮಲಿನೋವ್‌ಸ್ಕಿಯ ದಾರಿಯಲ್ಲಿ ಅವು ಈ ದೇವರು ತನ್ನದು ಅಂತ ಹೇಳಿಕೊಳ್ಳುವ ಸೀಮೆ. ಗುಹ ಕಾಡಿದ ನೆಲವೆಲ್ಲ ಹರಿಹರೇಶ್ವರ ಬಿಡಿಸಿದ ನೆಲ. ಎರಡನೇ ಓದು ನನಗೆ ಸರಿ ಕಾಣುತ್ತದೆ, ಯಾಕಂದರೆ ಅದಕ್ಕೆ ಕಥೆಯ ಬೇರೆ ಯಾವ ಭಾಗವನ್ನೂ ಕಿತ್ತುಹಾಕಬೇಕಿಲ್ಲ.

ಹಕ್ಕುಪತ್ರ ಅಂದ ಮೇಲೆ ಅದರಲ್ಲಿ ಯಾರ ಹೆಸರಿಲ್ಲ ಅಂತಲೂ ಕೇಳಬೇಕು. "ಎಷ್ಟು ಸೊಗಸಾದ ಸಮನ್ವಯ" ಅಂತ ಹೊಗಳಿ ಎದ್ದುಹೋಗೋದು ಸುಲಭ. ಅಲ್ಲಿ ಕೂಡಿದವರು ಶಾಸನ, ದತ್ತಿ, ದೊಡ್ಡ ಗುಡಿ ಇದ್ದ ಇಬ್ಬರು ದೇವರು. ನಮ್ಮೂರ ದುರ್ಗಮ್ಮನಿಗೆ ಆ ಮೈಯಲ್ಲಿ ಜಾಗ ಇಲ್ಲ. ಅವಳ ಕಥೆ, ಅವಳ ಜಾತ್ರೆಯ ನಡೆವಳಿ ಬೇರೆ ಜಾಡಿನವು.

ಇನ್ನು ಒಂದು ತುಣುಕು ಉಳಿಯಿತು: ಸಾಯುವ ಗುಹ ಬೇಡಿದ ಹೆಸರು. ಮನೋವಿಶ್ಲೇಷಣೆಯ ಫ್ರಾಯ್ಡ್ 1913ರಲ್ಲಿ ಒಂದು ಊಹೆ ಬರೆದರು. ಆದಿಯಲ್ಲಿ ಮಕ್ಕಳು ತಂದೆಯನ್ನು ಕೊಂದರು, ಆಮೇಲೆ ಪಶ್ಚಾತ್ತಾಪಪಟ್ಟು ಅವನನ್ನೇ ಪೂಜಿಸಿದರು ಅಂತ. ಆ ಆದಿಯ ಕೊಲೆಯನ್ನು ನಾನು ಒಪ್ಪೋದಿಲ್ಲ, ಅದೂ ವೇಷ ಬದಲಿಸಿದ ವರದಿಯೇ. ಆದರೆ ಕೊಲೆಯಾದವನಿಗೇ ಗೌರವ ಸಲ್ಲುತ್ತದೆ ಅನ್ನೋದನ್ನು ಅವರು ಗಮನಿಸಿದ್ದು ಸರಿ. ನಮ್ಮ ನಾಡಿನಲ್ಲಿ ಇದು ಮತ್ತೆಮತ್ತೆ ಕಾಣುತ್ತದೆ. ಮಹಿಷನ ಹೆಸರಲ್ಲಿ ಮೈಸೂರು ಇದೆ. ಬಲಿಗೆ ದೀಪಾವಳಿಯ ಪಾಡ್ಯ ಇದೆ.

ಗುಹನ ಮಟ್ಟಿಗೆ ಕಥೆಯೇ ಕಾರಣ ಕೊಡುತ್ತದೆ. ಆ ವರ ಇಲ್ಲದಿದ್ದರೆ ಹರಿ, ಹರ ಒಂದಾಗುವ ಅಗತ್ಯವೇ ಬೀಳುತ್ತಿರಲಿಲ್ಲ. ಹರಿಹರ ದೇವರಿಗೆ ಅವನು ಶತ್ರುವೂ ಹೌದು, ಕಾರಣನೂ ಹೌದು. ಕ್ಷೇತ್ರದ ಹೆಸರಲ್ಲಿ ಅವನಿಗೆ ಪಾಲು ಸಿಕ್ಕಿದ್ದು ಹಾಗೆ. ಆದರೆ ಇದೇ ಉತ್ತರವನ್ನು ಬಲಿಗೆ ಹಚ್ಚಲು ಹೋದರೆ ಕೆಡುತ್ತದೆ. ವಾಮನನ ಎದುರು ಬಲಿ ಸೋಲೋದು ವರದ ಸಂದಿಯಿಂದ ಅಲ್ಲ, ತಾನೇ ಕೊಟ್ಟ ಮಾತಿನಿಂದ. ಅವನ ಕಥೆಯ ದಾಯಾದಿಗಳು ಅಸುರರಲ್ಲ, ಕರ್ಣ, ಹರಿಶ್ಚಂದ್ರರಂಥವರು. ಅದನ್ನು ಅವರ ಪಕ್ಕ ಇಟ್ಟೇ ಬಿಡಿಸಬೇಕು.