ಸೀಟಿಗೆ ಪೀಸ್ ರೇಟ್ ಕಟ್ಟಬೇಡಿ

ನಮಸ್ಕಾರ. ಕಲಬುರಗಿಯ ನಮ್ಮ ಹೊಲಿಗೆ ಯೂನಿಟ್ಟಿನಿಂದ ಮಾತಾಡುತ್ತಿದ್ದೇನೆ. ಹಿಂದಿನ ವೀಡಿಯೊದಲ್ಲಿ ಶಾಲಾ ಸಮವಸ್ತ್ರದ ಲೈನನ್ನು ತೋರಿಸಿದಾಗ ಒಬ್ಬರು ಕೆಳಗೆ ಹೀಗೆ ಬರೆದಿದ್ದರು: "ದಿನಗೂಲಿ ಕೊಟ್ಟರೆ ಹೆಣ್ಣುಮಕ್ಕಳು ಹರಟೆ ಹೊಡೆಯುತ್ತಾರೆ, ಪೀಸ್ ರೇಟ್ ಮಾಡಿ, ಲೈನ್ ತಾನಾಗಿಯೇ ಓಡುತ್ತದೆ." ಈ ಮಾತನ್ನು ನಾನು ಕಪನೂರಿನ ಶೆಡ್ಡುಗಳಲ್ಲಿ ಕೇಳಿದ್ದೇನೆ, ಬಟ್ಟೆ ಅಂಗಡಿಗಳಲ್ಲಿ ಕೇಳಿದ್ದೇನೆ, ನನ್ನ ಮನೆಯಲ್ಲಿಯೂ ಕೇಳಿದ್ದೇನೆ. ಒಂದು ಕಾಲಕ್ಕೆ ನಂಬಿಯೂ ಇದ್ದೆ. ಆದ್ದರಿಂದ ಇವತ್ತು ಈ ಒಂದೇ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೀಸ್ ರೇಟಿನ ವೈರಿಯಲ್ಲ. ಒಬ್ಬ ಅಕ್ಕ ಮನೆಯಲ್ಲಿ ಕುಳಿತು ಒಂದು ಜಂಪರನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿಯುತ್ತಾಳೆ ಎಂದಾದರೆ ಪೀಸಿಗೆ ಇಷ್ಟು ಎಂದು ಕೊಡುವುದು ನ್ಯಾಯ, ಏಕೆಂದರೆ ಅವಳ ಕೆಲಸ ಇನ್ನೊಬ್ಬರ ಕೈಗೆ ಕಾಯುವುದಿಲ್ಲ. ಆದರೆ ಒಂದು ಅಂಗಿಯನ್ನು ಎಂಟು ಜನರಿಗೆ ಹಂಚಿ, ಒಬ್ಬರು ಕಾಲರ್, ಒಬ್ಬರು ಜೇಬು, ಒಬ್ಬರು ತೋಳು ಎಂದು ಕೂರಿಸಿದ ಮೇಲೆ ಒಬ್ಬೊಬ್ಬರ ಸೀಟಿಗೂ ಬೇರೆ ಬೇರೆ ಪೀಸ್ ರೇಟ್ ಕಟ್ಟಿದರೆ ನೀವು ಹಣ ಕೊಡುತ್ತಿರುವುದು ಹೊಲಿಗೆಗೆ, ಅಂಗಿಗಲ್ಲ.

ಲೆಕ್ಕ ನೋಡೋಣ. ನಮ್ಮ ಅರ್ಧ ತೋಳಿನ ಶಾಲಾ ಅಂಗಿಯಲ್ಲಿ ಎಂಟು ಸೀಟುಗಳಿದ್ದವು. ಪ್ರತಿ ಸೀಟಿನಲ್ಲಿಯೂ ಸ್ಟಾಪ್‌ವಾಚ್ ಹಿಡಿದು ಹತ್ತು ಪೀಸುಗಳ ಸರಾಸರಿ ತೆಗೆದು, ದಾರ ಬದಲಿಸುವುದು, ಬಾಬಿನ್ ತುಂಬುವುದು, ನೀರು ಕುಡಿಯುವುದು ಇವೆಲ್ಲಕ್ಕೂ ಶೇಕಡಾ 15 ಸೇರಿಸಿದಾಗ ಬಂದ ಸಮಯ ಹೀಗಿತ್ತು. ಮುಂಭಾಗದ ಪಟ್ಟಿ ಮತ್ತು ಜೇಬಿಗೆ 3 ನಿಮಿಷ, ಕಾಲರ್ ತಯಾರಿಸಲು 4, ಭುಜ ಜೋಡಿಸಲು 2, ಕಾಲರ್ ಕೂರಿಸಲು 3, ತೋಳಿಗೆ ಎರಡೂವರೆ, ಪಕ್ಕದ ಓವರ್‌ಲಾಕಿಗೆ ಒಂದೂವರೆ, ಕೆಳಗಿನ ಮಡಿಕೆಗೆ ಒಂದೂವರೆ, ಕಾಜಾ-ಗುಂಡಿಗೆ ಎರಡೂವರೆ. ಕೂಡಿದರೆ ಒಂದು ಅಂಗಿಗೆ 20 ನಿಮಿಷ. ಎಂಟು ಜನರಿಗೆ ಸಮನಾಗಿ ಹಂಚಿದರೆ ತಲೆಗೆ ಎರಡೂವರೆ ನಿಮಿಷವಾಗುತ್ತದೆ, ಅಂದರೆ ಎಂಟು ಗಂಟೆಯಲ್ಲಿ 192 ಅಂಗಿ ಹೊರಬೀಳಬೇಕು. ಬೀಳುತ್ತಿದ್ದದ್ದು 120. ಕಾರಣ ಹರಟೆಯಲ್ಲ. ಕಾಲರಿಗೆ 4 ನಿಮಿಷ ಬೇಕು, 480 ನಿಮಿಷದಲ್ಲಿ 120 ಕಾಲರ್ ಮಾತ್ರ ಆಗುತ್ತವೆ, ಉಳಿದ ಏಳು ಜನ ಎಷ್ಟೇ ಬೆವರು ಸುರಿಸಿದರೂ ಕಾಲರ್ ಇಲ್ಲದ ಅಂಗಿ ಶಾಲೆಗೆ ಹೋಗುವುದಿಲ್ಲ.

ಈಗ ಇದೇ ಲೈನಿಗೆ ಪೀಸ್ ರೇಟ್ ಹಾಕಿ. ಲೆಕ್ಕ ಸುಲಭವಾಗಲೆಂದು ನಿಮಿಷದ ಕೆಲಸಕ್ಕೆ ಒಂದು ರೂಪಾಯಿ ಎಂದಿಟ್ಟುಕೊಳ್ಳೋಣ. ಕಾಲರ್ ಅಕ್ಕನಿಗೆ 120 ಪೀಸಿಗೆ ದಿನಕ್ಕೆ 480 ರೂಪಾಯಿ ಸಿಗುತ್ತದೆ. ಕೆಳಗಿನ ಮಡಿಕೆ ಹೊಲಿಯುವವಳಿಗೆ ಬರುವುದೂ ಅದೇ 120 ಪೀಸು, ಅವಳಿಗೆ ಸಿಗುವುದು 180. ಅವಳ ಕೈ ಕಾಲರ್ ಅಕ್ಕನಿಗಿಂತ ಚುರುಕಾಗಿದ್ದರೂ ಅಷ್ಟೇ. ದಿನದಲ್ಲಿ ಐದು ಗಂಟೆ ಅವಳು ಮಷಿನ್ ಮುಂದೆ ಸುಮ್ಮನೆ ಕುಳಿತಿರುತ್ತಾಳೆ. ಒಂದು ಮಧ್ಯಾಹ್ನ ನಮ್ಮ ಮಡಿಕೆ ಹುಡುಗಿ ಬಂದು, "ಅಕ್ಕಾರ, ಮಾಲೇ ಬರ್ತಿಲ್ಲ, ನಾ ಏನ್ ಹೊಲೀಲಿ? ರೊಕ್ಕ ಮಾತ್ರ ನನ್ದೇ ಕಮ್ಮಿ ಆಗ್ತದ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ವಾರ ಅವಳು ಬರಲಿಲ್ಲ.

ಇನ್ನೊಂದು ತುದಿಗೆ ಬನ್ನಿ. ಜೇಬಿನವರು ದಿನಕ್ಕೆ 160 ಪೀಸು ಮಾಡಬಲ್ಲರು, ಭುಜದವರು ಅಷ್ಟನ್ನೂ ಜೋಡಿಸಬಲ್ಲರು, ಪೀಸ್ ರೇಟ್ ಇದ್ದರೆ ಮಾಡಿಯೇ ಮಾಡುತ್ತಾರೆ, ಯಾಕೆ ಬಿಡಬೇಕು? ದಿನಕ್ಕೆ 40 ಪೀಸು ಕಾಲರಿನ ದಾರಿ ಕಾಯುತ್ತಾ ಕಟ್ಟುಕಟ್ಟಾಗಿ ಬೀಳುತ್ತವೆ. ಆರು ದಿನಕ್ಕೆ 240 ಅರೆ ಅಂಗಿಗಳು. ಅವುಗಳ ಮೇಲೆ ಪೀಸಿಗೆ 5 ರೂಪಾಯಿಯಂತೆ 1,200 ರೂಪಾಯಿ ಕೂಲಿ ಶನಿವಾರ ಕೊಟ್ಟಾಗಿರುತ್ತದೆ, ಬಟ್ಟೆಯ ದುಡ್ಡು ಬೇರೆ, ಆದರೆ ಬಿಲ್ಲು ಮಾಡಲು ಒಂದು ಅಂಗಿಯೂ ಇಲ್ಲ. ನಮ್ಮಲ್ಲಿ ಆ ಬಂಡಲುಗಳು ಕಿಟಕಿಯ ಕಟ್ಟೆಯವರೆಗೆ ಏರಿದ್ದವು, ಬೇಸಿಗೆಯ ಧೂಳಿಗೆ ಬಿಳಿ ಬಟ್ಟೆ ಮಾಸಿತು, 32ರ ಅಳತೆಯ ಬಂಡಲಿನ ಚೀಟಿ ಹರಿದು 34ರೊಳಗೆ ಸೇರಿತು. ಇಂಥ ಗುಡ್ಡೆ ಕಂಡಾಗ ಮಾಲೀಕರು "ಕೆಲಸ ಭರ್ಜರಿ ನಡೆದಿದೆ" ಎಂದು ಸಂತೋಷಪಡುತ್ತಾರೆ. ಗುಡ್ಡೆ ಬೆಳೆದಿದ್ದರೆ ಅದರ ಮುಂದಿನ ಕೆಲಸ ಹಿಂದೆ ಬಿದ್ದಿದೆ ಎಂದೇ ಅರ್ಥ. ನಿಮ್ಮ ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಲು ಪುಸ್ತಕ ತೆರೆಯಬೇಕಾಗಿಲ್ಲ, ಗುಡ್ಡೆಯ ಹತ್ತಿರ ಹೋಗಿ ನಿಂತರೆ ಸಾಕು.

ಹಾಗಾದರೆ ಲೈನ್ ಸರಿಮಾಡುವುದು ಹೇಗೆ? ಕಾಲರಿನ 4 ನಿಮಿಷದಲ್ಲಿ ತಿರುವಿದ ಕಾಲರಿನ ಅಂಚಿಗೆ ಮೇಲುಹೊಲಿಗೆ ಹಾಕುವ ಕೆಲಸ 1 ನಿಮಿಷದ್ದು. ಅದನ್ನು ಮಡಿಕೆಯವಳಿಗೆ ಕೊಟ್ಟರೆ ಅವಳ ಒಂದೂವರೆ ಎರಡೂವರೆಯಾಗುತ್ತದೆ, ಕಾಲರ್ 3ಕ್ಕೆ ಇಳಿಯುತ್ತದೆ, ಲೈನಿನಲ್ಲಿ ಅತಿ ನಿಧಾನದ ಕೆಲಸ 3 ನಿಮಿಷದ್ದಾಗುತ್ತದೆ. 480ನ್ನು 3ರಿಂದ ಭಾಗಿಸಿ, 160 ಅಂಗಿ. ಹೊಸ ಮಷಿನ್ ಇಲ್ಲ, ಹೊಸ ಆಳಿಲ್ಲ, ಒಂದು ನಿಮಿಷದ ಕೆಲಸ ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಹೋಯಿತು, ಅಷ್ಟೇ. ಇದನ್ನೇ ಲೈನ್ ಬ್ಯಾಲೆನ್ಸಿಂಗ್ ಎನ್ನುತ್ತಾರೆ.

ಪೀಸ್ ರೇಟ್ ಇರುವ ಲೈನಿನಲ್ಲಿ ಇದು ಆಗುವುದಿಲ್ಲ. ನಾನು ಪ್ರಯತ್ನಿಸಿ ಸೋತಿದ್ದೇನೆ. ಮಡಿಕೆಗೆ ಹೊಸದಾಗಿ ಬಂದವಳಿಗೆ ಮೇಲುಹೊಲಿಗೆ ಮಾಡು ಎಂದರೆ, ಕಲಿಯುವ ಒಂದು ವಾರ ಅವಳ ಕೈ ನಿಧಾನವಾಗುತ್ತದೆ, ಆ ವಾರದ ನಷ್ಟವನ್ನು ಅವಳೇ ಯಾಕೆ ಹೊರಬೇಕು? ಕಾಲರ್ ಅಕ್ಕ ತನ್ನ ಪೀಸಿನಿಂದ ಒಂದು ರೂಪಾಯಿ ಕಡಿಮೆಯಾಗುತ್ತದೆಂದು ಕಲಿಸಲು ಒಪ್ಪಲಿಲ್ಲ. ಅವರಿಬ್ಬರದೂ ತಪ್ಪಲ್ಲ. ನಾನು ಕಟ್ಟಿದ ದರ ಅವರನ್ನು ಅವರವರ ಸೀಟಿಗೆ ಮೊಳೆ ಹೊಡೆದು ಕೂರಿಸಿತ್ತು. ಲೈನಿಗೆ ಬೇಕಾದದ್ದು ಕೆಲಸ ಇರುವಲ್ಲಿಗೆ ಕೈ ಸರಿಯುವುದು, ಪೀಸ್ ರೇಟ್ ತಡೆಯುವುದೂ ಅದನ್ನೇ.

ಕೊನೆಗೆ ಎಲ್ಲರಿಗೂ ದಿನಗೂಲಿ ಮಾಡಿದೆ. ಅದೇ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ 370 ರೂಪಾಯಿ, ಮತ್ತು ಚೆಕಿಂಗ್ ಮೇಜು ದಾಟಿ ಪಾಸಾದ ಅಂಗಿ 130ಕ್ಕಿಂತ ಹೆಚ್ಚಾದರೆ, ಹೆಚ್ಚಾದ ಪ್ರತಿ ಅಂಗಿಗೆ 8 ರೂಪಾಯಿ, ಎಂಟು ಜನರಿಗೂ ಸಮಪಾಲು. 160 ಬಿದ್ದ ದಿನ ತಲೆಗೆ 30 ಸೇರಿ 400 ಆಗುತ್ತದೆ, ಅಂದರೆ ಅಂಗಿಗೆ ಅದೇ 20 ರೂಪಾಯಿ. ಕಾಲರ್ ಅಕ್ಕನಿಗೆ ಕೈಯ ಪರಿಣತಿಗೆಂದು ದಿನಕ್ಕೆ 80 ಹೆಚ್ಚು ಇಟ್ಟೆ, ಅವಳ ಹಳೆಯ 480 ಉಳಿಯಿತು, ಅಂಗಿಯ ಮೇಲೆ ಬಿದ್ದ ಹೊರೆ ಐವತ್ತು ಪೈಸೆ. ಮರುದಿನವೇ ಅವಳು ಮಡಿಕೆಯವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಾಲರಿನ ಮೂಲೆ ಹೇಗೆ ತಿರುವಬೇಕು, ಅಂಚಿನಿಂದ ಎಷ್ಟು ಬಿಟ್ಟು ಹೊಲಿಯಬೇಕು ಎಂದು ತೋರಿಸಿದಳು. ಎರಡು ಸೀಟುಗಳ ನಡುವೆ ಹತ್ತು ಪೀಸಿನ ಎರಡು ಬಂಡಲಿಗಿಂತ ಹೆಚ್ಚು ಇಡಬಾರದೆಂದು ನಿಯಮ ಮಾಡಿದೆ. ಮೂರನೆಯದು ಬಂದರೆ ಹಿಂದಿನವರು ಹೊಲಿಯುವುದನ್ನು ನಿಲ್ಲಿಸಿ ಮುಂದಿನವರಿಗೆ ಕೈಜೋಡಿಸಬೇಕು.

"ದಿನಗೂಲಿ ಕೊಟ್ಟರೆ ಯಾರೂ ದುಡಿಯುವುದಿಲ್ಲ" ಎಂಬ ಮಾತಿಗೆ ನನ್ನ ಉತ್ತರ ಚಿಕ್ಕದು. ಲೈನಿನ ಕೊನೆಯಲ್ಲಿ ಒಂದು ಕರಿಹಲಗೆ ಇಟ್ಟು ಪ್ರತಿ ಗಂಟೆಗೆ ಎಷ್ಟು ಅಂಗಿ ಪಾಸಾಯಿತು ಎಂದು ಬರೆಯಿರಿ. 20 ಬರಬೇಕಾದಲ್ಲಿ 14 ಬಂದರೆ ಆ ಗಂಟೆಯಲ್ಲಿಯೇ ಎದ್ದು ಹೋಗಿ ಗುಡ್ಡೆ ಎಲ್ಲಿದೆ ನೋಡಿ. ಹಲಗೆ ಬರೆಯಲು ಬೇಸರಪಡುವ ಮಾಲೀಕ ಕಾರ್ಮಿಕರ ಸೋಮಾರಿತನದ ಬಗ್ಗೆ ಮಾತಾಡಬಾರದು. ಸ್ಟಾಪ್‌ವಾಚ್ ಹಿಡಿದು ಸಮಯ ತೆಗೆಯುವ ಬಗೆಯನ್ನು ಇದೇ ಚಾನೆಲ್ಲಿನಲ್ಲಿ ಮೊದಲೇ ತೋರಿಸಿದ್ದೇನೆ, ನೋಡದವರು ನೋಡಿ, ಚಂದಾದಾರರಾಗದವರು ಆಗಿ, ಏಕೆಂದರೆ ಮುಂದಿನ ವಾರ ಪ್ಯಾಂಟಿನ ಲೈನ್ ಬಿಚ್ಚುತ್ತೇನೆ.

ಇನ್ನು "ಪೀಸ್ ರೇಟಿನಲ್ಲಿ ಕೈ ಚುರುಕಾಗುತ್ತದೆ" ಎನ್ನುವವರಿಗೆ. ಕೈ ಚುರುಕಾದಂತೆ ಟಾಕಿ, ಅಂದರೆ ಹೊಲಿಗೆಯ ಒಂದೊಂದು ಹೆಜ್ಜೆ, ಉದ್ದವಾಗುತ್ತದೆ. ಮಷಿನಿನ ಟಾಕಿಯ ತಿರುಗಣಿಯನ್ನು ಎರಡೂವರೆ ಮಿಲಿಮೀಟರಿನಿಂದ ಮೂರೂವರೆಗೆ ತಿರುಗಿಸಿದರೆ ಹೊಲಿಗೆ ಬೇಗ ಓಡುತ್ತದೆ, ತುದಿಯಲ್ಲಿ ಹಿಂದೆ-ಮುಂದೆ ಹೊಲಿದು ಗಟ್ಟಿ ಮಾಡುವುದನ್ನು ಬಿಟ್ಟರೆ ಇನ್ನೂ ಬೇಗ. ಅಳತೆಪಟ್ಟಿ ಇಟ್ಟು ಒಂದು ಇಂಚಿನೊಳಗೆ ಟಾಕಿಗಳನ್ನು ಎಣಿಸಿ. ಹತ್ತರ ಆಸುಪಾಸು ಇರಬೇಕಾದಲ್ಲಿ ಏಳು ಸಿಕ್ಕರೆ ಯಾರೋ ತಿರುಗಣಿ ಮುಟ್ಟಿದ್ದಾರೆ. ಮಗು ತರಗತಿಯಲ್ಲಿ ಕೈ ಎತ್ತಿದ ದಿನ ಆ ಕಂಕುಳು ಬಿಚ್ಚಿಕೊಳ್ಳುತ್ತದೆ, ಅಂಗಿ ತಿರುಗಿ ನಿಮ್ಮ ಬಾಗಿಲಿಗೆ ಬರುತ್ತದೆ. ಮರುಹೊಲಿಗೆಗೆ ಯಾವ ಪೀಸ್ ರೇಟ್ ಕೊಡುತ್ತೀರಿ?

ಕರೆಂಟು ಹೋದ ಎರಡು ಗಂಟೆಯ ಲೆಕ್ಕ ಯಾರದ್ದು? ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಕೆಳಗೆ ಬಟ್ಟೆ ಬೀಸಿಕೊಳ್ಳುತ್ತಾ ಕುಳಿತವಳಿಗೆ ಪೀಸಿಲ್ಲ, ಆದ್ದರಿಂದ ಕೂಲಿಯಿಲ್ಲ ಎನ್ನುವುದು ಯಾವ ನ್ಯಾಯ? ನ್ಯಾಯ ಬೇಡವೆಂದರೆ ಕಾನೂನು ಕೇಳಿ. ಸಮಯದ ಕನಿಷ್ಠ ದರ ಮಾತ್ರ ನಿಗದಿಯಾದ ಕೆಲಸದಲ್ಲಿ ಪೀಸಿನ ಮೇಲೆ ದುಡಿಸಿಕೊಂಡರೂ ಆ ದರಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಮು ಹೇಳಿತ್ತು, 2019ರ ವೇತನ ಸಂಹಿತೆಯೂ ಆ ಮಾತನ್ನು ಬಿಟ್ಟಿಲ್ಲ. ಹಾಗಿದ್ದ ಮೇಲೆ ಮಡಿಕೆಯವಳ ಆ 180 ರೂಪಾಯಿ ಎಲ್ಲಿ ನಿಲ್ಲುತ್ತದೆ? ನಾನು ಲೆಕ್ಕಕ್ಕೆ ಹಿಡಿದ ದರವನ್ನು ಹಾಗೆಯೇ ಎತ್ತಿಕೊಳ್ಳಬೇಡಿ, ನಿಮ್ಮ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ದರವನ್ನು ತೆಗೆದು ಅದರ ಮೇಲೆ ಲೆಕ್ಕ ಹಾಕಿ.

ಅರವತ್ತು ಪೀಸಿನ ಚಿಕ್ಕ ಆರ್ಡರು, ದಿನಕ್ಕೊಂದು ಮಾದರಿ ಎಂದಾದರೆ ಲೈನ್ ಕಟ್ಟಲೇಬೇಡಿ, ಒಬ್ಬರಿಗೆ ಒಂದು ಪೂರ್ತಿ ಅಂಗಿ ಕೊಟ್ಟು ಕನಿಷ್ಠ ಕೂಲಿಗೆ ಕಡಿಮೆಯಾಗದಂತೆ ಪೀಸಿನ ಮೇಲೆ ಕೊಡಿ. ಲೈನ್ ಕಟ್ಟಿದಿರೋ, ಪೀಸ್ ರೇಟ್ ಸೀಟಿಗೆ ಕಟ್ಟಬೇಡಿ. ಪಾಸಾದ ಅಂಗಿಗೆ ಕಟ್ಟಿ, ಎಲ್ಲರಿಗೂ ಹಂಚಿ. ಮತ್ತು ಆ 130ನ್ನು ಮುಂದಿನ ತಿಂಗಳು ಸದ್ದಿಲ್ಲದೆ 150 ಮಾಡಬೇಡಿ. ಮಾದರಿ ಬದಲಾಗದೆ ಗುರಿಯನ್ನು ಒಮ್ಮೆ ಏರಿಸಿದರೆ ಮರುದಿನದಿಂದ ಎಂಟೂ ಜನ 130ಕ್ಕೆ ಸರಿಯಾಗಿ ಕೈ ನಿಲ್ಲಿಸುತ್ತಾರೆ, ಅವರ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆ.

ಹರಟೆಯ ಮಾತು ಬರೆದ ಆ ಅಣ್ಣನಿಗೆ ನನ್ನ ಒಂದು ಕೋರಿಕೆಯಿದೆ. ನಾಳೆ ಸಂಜೆ ನಿಮ್ಮ ಲೈನಿನ ಸೀಟುಗಳ ನಡುವೆ ಬಿದ್ದಿರುವ ಬಂಡಲುಗಳನ್ನು ಎಣಿಸಿ, ಯಾವ ಸೀಟಿನ ಮುಂದೆ ಎಷ್ಟು ಎಂದು ಕೆಳಗೆ ಬರೆಯಿರಿ. ನಿಮ್ಮ ಲೈನಿನ ಸಮಯವನ್ನು ಮುಂದಿನ ವೀಡಿಯೊದಲ್ಲಿ ನಾನೇ ಬಿಡಿಸಿ ತೋರಿಸುತ್ತೇನೆ.