ಅಣ್ಣನ ವರದಿಯ ಕಡೆಯ ಸಾಲು: ಗ್ರೇಡ್ ಒನ್ ಫ್ಯಾಟಿ ಲಿವರ್

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ನನ್ನ ಅಣ್ಣನ ಹೊಟ್ಟೆಯ ಅಲ್ಟ್ರಾಸೌಂಡ್ ವರದಿ. ಹೆಸರಿನ ಮೇಲೆ ಮಾತ್ರ ಬೆರಳು ಇಟ್ಟುಕೊಂಡಿದ್ದೇನೆ. ನಾನು ಹನ್ನೊಂದು ವರ್ಷ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ವೈದ್ಯರು ಹೇಳಿದ್ದನ್ನು ವರದಿಯಾಗಿ ಬೆರಳಚ್ಚು ಮಾಡುವ ಕೆಲಸದಲ್ಲಿದ್ದೆ. ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂಬ ಈ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಅಣ್ಣ ದಾವಣಗೆರೆಯಿಂದ ಫೋನ್ ಮಾಡಿ, "ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ ನಾನು. ಈ ಕಾಗದ ಮನೇಲಿ ಹೆಂಗೆ ತೋರಿಸ್ಲಿ, ನೀನೇ ಹೇಳಮ್ಮ" ಎಂದು ಕೇಳಿದಾಗ, ಆ ಸಾಲು ಓದುವವರ ಮನಸ್ಸಿನಲ್ಲಿ ಏನು ಮಾಡುತ್ತದೆ ಎಂಬುದು ನನಗೆ ಮೊದಲ ಸಲ ತಿಳಿಯಿತು.

ಆದ್ದರಿಂದ ವೈದ್ಯರು ಪರದೆಯ ಮೇಲೆ ಏನನ್ನು ನೋಡಿ ಇದನ್ನು ಹೇಳುತ್ತಾರೆ ಎಂಬಲ್ಲಿಂದ ಆರಂಭಿಸುತ್ತೇನೆ. ಬಲಪಕ್ಕೆಯ ಕೆಳಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟಾಗ ಲಿವರ್ ಮತ್ತು ಬಲಗಡೆಯ ಕಿಡ್ನಿ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಬರುತ್ತವೆ. ಆರೋಗ್ಯವಂತರಲ್ಲಿ ಎರಡರ ಬೂದುಬಣ್ಣವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಲಿವರ್ ಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡಾಗ ಅವು ಶಬ್ದದ ಅಲೆಗಳನ್ನು ಹೆಚ್ಚಾಗಿ ಚದುರಿಸುವುದರಿಂದ, ಲಿವರ್ ಕಿಡ್ನಿಗಿಂತ ಬೆಳ್ಳಗೆ ಕಾಣುತ್ತದೆ. ಬೆಳ್ಳಗಾಗಿದ್ದರೂ ಒಳಗಿನ ರಕ್ತನಾಳಗಳ ಅಂಚು ಮತ್ತು ಹಿಂದೆ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ಗೆರೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಗ್ರೇಡ್ ಒನ್. ಅವು ಮಸುಕಾಗತೊಡಗಿದರೆ ಎರಡು. ಹಿಂಭಾಗವೇ ಕಾಣದಷ್ಟು ಆದರೆ ಮೂರು. ಇಷ್ಟನ್ನೂ ನಿರ್ಧರಿಸುವುದು ನೋಡುವವರ ಕಣ್ಣು. ಒಬ್ಬರು ಒಂದು ಎಂದದ್ದನ್ನು ಇನ್ನೊಬ್ಬರು ಬೇರೆ ಯಂತ್ರದಲ್ಲಿ ಎರಡು ಎನ್ನುವುದು ಅಪರೂಪವೇನಲ್ಲ.

ಈ ಚಿತ್ರದಲ್ಲಿ ಕೊಬ್ಬು ಎಲ್ಲಿಂದ ಬಂತು ಎಂಬುದು ಬರೆದಿರುವುದಿಲ್ಲ. ಮದ್ಯದಿಂದ ಬಂದ ಕೊಬ್ಬೂ ಊಟದಿಂದ ಬಂದ ಕೊಬ್ಬೂ ಪರದೆಯ ಮೇಲೆ ಒಂದೇ ಬಿಳುಪಾಗಿ ಕಾಣುತ್ತವೆ. ಹಾಗಾಗಿ ವರದಿಯನ್ನು ಯಾರೂ ಕುಡಿತದ ಪುರಾವೆ ಎಂದು ಓದಬಾರದು. ಈ ಮಾತನ್ನು ಅತ್ತಿಗೆಗೂ ನಾನೇ ಫೋನ್‌ನಲ್ಲಿ ಹೇಳಿದೆ.

ಅಣ್ಣನಿಗೆ 46 ವರ್ಷ, ಎತ್ತರ 168 ಸೆಂಟಿಮೀಟರ್, ತೂಕ 74 ಕಿಲೋ. ನೋಡಿದರೆ ದಪ್ಪ ಎನ್ನಿಸುವುದಿಲ್ಲ, ಆದರೆ ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದರೆ ಸುತ್ತಳತೆ 96 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎನ್ನುತ್ತಾರೆ. ದಿನವಿಡೀ ಅಂಗಡಿಯ ಗಲ್ಲೆಯಲ್ಲಿ ಕುಳಿತ ಕೆಲಸ, ಎರಡೆರಡು ಚಮಚ ಸಕ್ಕರೆಯ ಐದು ಚಹಾ, ಮಧ್ಯಾಹ್ನ ತಟ್ಟೆ ತುಂಬ ಅನ್ನ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಇಂಥ ದೇಹದಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತು ಸರಿಯಾಗಿ ನಡೆಯುವುದಿಲ್ಲ. ಆಗ ಹೊಟ್ಟೆಯ ಕೊಬ್ಬು ಕರಗಿ ಕೊಬ್ಬಿನ ಆಮ್ಲಗಳಾಗಿ ಲಿವರ್‌ಗೆ ಹರಿಯುತ್ತದೆ, ಖರ್ಚಾಗದ ಸಕ್ಕರೆಯನ್ನೂ ಲಿವರ್ ತಾನೇ ಕೊಬ್ಬಾಗಿ ಮಾಡಿ ಇಟ್ಟುಕೊಳ್ಳುತ್ತದೆ. ಅಣ್ಣನ ರಕ್ತಪರೀಕ್ಷೆಯಲ್ಲಿ ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 212, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 5.9 ಎಂದು ಹೆಚ್ಚಾಗಿ ಬಂದದ್ದು ಇದನ್ನೇ ಹೇಳುತ್ತಿತ್ತು. ಹಿಂದೆ ಈ ಸ್ಥಿತಿಯನ್ನು ‘ಮದ್ಯರಹಿತ’ ಎಂಬ ವಿಶೇಷಣ ಸೇರಿಸಿ ಕರೆಯುತ್ತಿದ್ದರು. 2023ರಲ್ಲಿ ತಜ್ಞರು ಅದನ್ನು ಬಿಟ್ಟು, ದೇಹದ ಚಯಾಪಚಯ ಕೆಟ್ಟದ್ದರಿಂದ ಬಂದ ಕೊಬ್ಬು ಎಂಬ ಅರ್ಥದ ಹೊಸ ಹೆಸರು ಕೊಟ್ಟರು. ಅದು ಸರಿಯಾದ ಹೆಸರು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ವೈದ್ಯರು ಬೇರೆ ಕಾರಣಗಳನ್ನು ಕೈಬಿಡಲಿಲ್ಲ: ಹೆಪಟೈಟಿಸ್ ಬಿ ಮತ್ತು ಸಿ, ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸ್ಟಿರಾಯ್ಡ್‌ನಂಥ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡಿದ್ದೀರಾ ಎಂದೂ ಕೇಳಿದರು.

ಇನ್ನು ಹೆಚ್ಚಿನವರು ತಪ್ಪು ತಿಳಿಯುವ ಜಾಗಕ್ಕೆ ಬರುತ್ತೇನೆ. ಗ್ರೇಡ್ ಎಂಬುದು ಕೊಬ್ಬಿನ ಬಿಳುಪಿನ ಅಳತೆಯೇ ಹೊರತು ಲಿವರ್‌ಗೆ ಆಗಿರುವ ಹಾನಿಯ ಅಳತೆಯಲ್ಲ. ಮುಂದೆ ತೊಂದರೆ ಕೊಡುವುದು ಕೊಬ್ಬಿಗಿಂತ ಹೆಚ್ಚಾಗಿ, ಉರಿಯೂತದ ನಂತರ ಗಾಯದ ಕಲೆಯಂತೆ ಬೆಳೆಯುವ ಗಟ್ಟಿ ನಾರು, ಅಂದರೆ ಫೈಬ್ರೋಸಿಸ್. ಅದು ಆರಂಭದಲ್ಲಿ ಸಾಧಾರಣ ಅಲ್ಟ್ರಾಸೌಂಡ್‌ಗೆ ಕಾಣುವುದೇ ಇಲ್ಲ. ಗ್ರೇಡ್ ಮೂರು ಇದ್ದವರಲ್ಲಿ ನಾರು ಇಲ್ಲದಿರಬಹುದು, ಗ್ರೇಡ್ ಒನ್ ಇದ್ದವರಲ್ಲಿ ಇರಬಹುದು. ‘ಒಂದೇ ತಾನೇ’ ಎಂದು ವರದಿಯನ್ನು ಕಪಾಟಿಗೆ ಹಾಕುವುದೂ, ಕ್ಯಾನ್ಸರ್‌ನ ಮೊದಲ ಹಂತವೆಂಬಂತೆ ನಿದ್ದೆಗೆಡುವುದೂ ಎರಡೂ ತಪ್ಪಾಗುವುದು ಇದೇ ಕಾರಣಕ್ಕೆ.

ನಾರಿನ ಅಂದಾಜಿಗೆ ಮೊದಲು ಹಾಕುವ ಲೆಕ್ಕ ಫಿಬ್-4. ಇದಕ್ಕೆ ಹೊಸ ಸ್ಕ್ಯಾನ್ ಬೇಡ. ವಯಸ್ಸು, ರಕ್ತದಲ್ಲಿ ಅಳೆಯುವ ಎಸ್‌ಜಿಓಟಿ, ಎಸ್‌ಜಿಪಿಟಿ ಎಂಬ ಎರಡು ಲಿವರ್ ಕಿಣ್ವಗಳು ಮತ್ತು ಪ್ಲೇಟ್‌ಲೆಟ್ ಎಣಿಕೆ ಸಾಕು. ಅಣ್ಣನ ಎಸ್‌ಜಿಓಟಿ 34, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2,40,000. ವಯಸ್ಸು 46ನ್ನು 34ರಿಂದ ಗುಣಿಸಿದರೆ 1564. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 240 ಎಂದು ತೆಗೆದುಕೊಂಡು, 49ರ ವರ್ಗಮೂಲವಾದ 7ರಿಂದ ಗುಣಿಸಿದರೆ 1680. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಸುಮಾರು 0.93 ಬರುತ್ತದೆ. ಇದು 1.3ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ನಾರು ಇರುವ ಸಾಧ್ಯತೆ ತೀರ ಕಡಿಮೆ. 1.3ರಿಂದ ಮೇಲಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸುತ್ತಾರೆ, 2.67 ದಾಟಿದರೆ ಲಿವರ್ ತಜ್ಞರನ್ನೇ ಕಾಣಬೇಕು. ಮೂವತ್ತೈದರ ಒಳಗಿನವರಿಗೆ ಈ ಲೆಕ್ಕ ನಂಬಿಕೆಗೆ ಅರ್ಹವಲ್ಲ, ಅರವತ್ತೈದು ದಾಟಿದವರಿಗೆ 1.3ರ ಬದಲು 2 ಎಂಬ ಗಡಿ ಬಳಸುತ್ತಾರೆ. ಡೆಂಗಿಯಂಥ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಎಸ್‌ಜಿಓಟಿ ಏರಿರುತ್ತದೆ. ಆ ದಿನಗಳ ರಕ್ತಪರೀಕ್ಷೆಯ ಅಂಕಿ ಹಾಕಿದರೆ ಇಲ್ಲದ ನಾರು ಇದ್ದಂತೆ ತೋರುತ್ತದೆ, ಆದ್ದರಿಂದ ಚೇತರಿಸಿಕೊಂಡ ಮೇಲೆಯೇ ಲೆಕ್ಕ ಹಾಕಬೇಕು.

ಅಣ್ಣನಿಗೆ ವೈದ್ಯರು ಲಿವರ್‌ಗೆಂದು ಮಾತ್ರೆ ಬರೆಯಲಿಲ್ಲ. ಪರಿಚಯದವರು ಕೊಟ್ಟಿದ್ದ ‘ಲಿವರ್ ಶುದ್ಧಿ’ಯ ಪುಡಿಯನ್ನು ನಿಲ್ಲಿಸಲು ಹೇಳಿದರು, ಏಕೆಂದರೆ ಏನು ಬೆರೆತಿದೆಯೆಂದು ತಿಳಿಯದ ಪುಡಿಯೇ ಲಿವರ್‌ಗೆ ಪೆಟ್ಟು ಕೊಡಬಲ್ಲದು. ತೂಕದಲ್ಲಿ ನೂರಕ್ಕೆ ಐದು ಪಾಲು, ಅಂದರೆ 3.7 ಕಿಲೋ ಇಳಿದರೆ ಕೊಬ್ಬು ತಗ್ಗುತ್ತದೆ, ಏಳರಿಂದ ಹತ್ತು ಪಾಲು ಇಳಿದರೆ ಉರಿಯೂತವೂ ತಗ್ಗುತ್ತದೆ ಎಂದು ವಿವರಿಸಿದರು. ಉಪವಾಸ ಬಿದ್ದು ಒಮ್ಮೆಗೇ ಇಳಿಸಬೇಡಿ ಎಂದೂ ಎಚ್ಚರಿಸಿದರು. ಚಹಾದ ಸಕ್ಕರೆ ಪೂರ್ತಿ ನಿಂತಿತು. ಮಧ್ಯಾಹ್ನದ ಅನ್ನ ಅರ್ಧಕ್ಕಿಳಿದು ಆ ಜಾಗಕ್ಕೆ ಕಾಳಿನ ಪಲ್ಯ ಮತ್ತು ಮಜ್ಜಿಗೆ ಬಂದವು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಲವತ್ತು ನಿಮಿಷ ಬಿರುಸಾದ ನಡಿಗೆ. ಐದು ತಿಂಗಳಲ್ಲಿ ತೂಕ 70 ಕಿಲೋ, ಸುತ್ತಳತೆ 91 ಸೆಂಟಿಮೀಟರ್, ಎಸ್‌ಜಿಪಿಟಿ 31 ಆಯಿತು.

"ಹಂಗಾದ್ರೆ ಮತ್ತೆ ಸ್ಕ್ಯಾನ್ ಮಾಡಿಸಿ, ನಾರ್ಮಲ್ ಅಂತ ಬರೆಸ್ಕೊಳ್ಲಾ?" ಎಂದು ಅಣ್ಣ ಮೊನ್ನೆ ಕೇಳಿದ. ನೂರರಲ್ಲಿ ಐದಕ್ಕಿಂತ ಹೆಚ್ಚು ಲಿವರ್ ಕೋಶಗಳಲ್ಲಿ ಕೊಬ್ಬಿದ್ದರೆ ಅದು ಫ್ಯಾಟಿ ಲಿವರ್. ಅಲ್ಟ್ರಾಸೌಂಡ್‌ಗೆ ಅದು ಖಚಿತವಾಗಿ ಕಾಣಬೇಕಾದರೆ ಇಪ್ಪತ್ತರ ಆಸುಪಾಸು ಇರಬೇಕು. ಆದ್ದರಿಂದ ‘ನಾರ್ಮಲ್’ ಎಂದು ಬಂದರೂ ಕೊಬ್ಬು ಪೂರ್ತಿ ಹೋಯಿತೆಂದಾಗುವುದಿಲ್ಲ, ಗ್ರೇಡ್ ಒನ್ ಎಂದೇ ಮತ್ತೆ ಬಂದರೂ ಅವನ ಐದು ತಿಂಗಳು ವ್ಯರ್ಥವಾಯಿತೆಂದೂ ಆಗುವುದಿಲ್ಲ. ಸ್ಕ್ಯಾನ್ ಸದ್ಯಕ್ಕೆ ಬೇಡ ಎಂದೆ. ಎಚ್‌ಬಿಎ1ಸಿ ಮತ್ತು ಟ್ರೈಗ್ಲಿಸರೈಡನ್ನು ಮುಂದಿನ ತಿಂಗಳು ನೋಡಿಸುತ್ತೇವೆ. ಫಿಬ್-4 ಲೆಕ್ಕವನ್ನು ವರ್ಷ ತುಂಬಿದ ಮೇಲೆ ಹೊಸ ಅಂಕಿಗಳೊಂದಿಗೆ ಮತ್ತೆ ಹಾಕಿ ವೈದ್ಯರಿಗೆ ತೋರಿಸುತ್ತೇವೆ.