ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಬಂಧುಗಳೇ,

ವಾಟ್ಸಾಪ್ ಬಳಸುವುದು ಹೇಗೆಂದು ಈ ಸಭೆಗೆ ಹೇಳಿಕೊಡುವ ಅಗತ್ಯವಿಲ್ಲ. ಬೆಳಕು ಹರಿಯುವ ಮೊದಲೇ ನಿಮ್ಮಿಂದ ನನಗೆ ಬಂದು ಬೀಳುವ ಶುಭೋದಯದ ಚಿತ್ರಗಳೇ ಅದಕ್ಕೆ ಸಾಕ್ಷಿ. ಸಂದೇಶ ಕಳುಹಿಸಿ, ಟಿಕ್ ಎರಡೂ ನೀಲಿಯಾಗಿ, ಆಮೇಲೂ ಉತ್ತರ ಬಾರದಿದ್ದಾಗ ನಮ್ಮ ಮನಸ್ಸು ಏನೇನು ಕಲ್ಪಿಸಿಕೊಳ್ಳುತ್ತದೆ ಎಂಬುದಷ್ಟೇ ಇಂದಿನ ವಿಷಯ.

ಒಂದು ಬೂದು ಟಿಕ್ ಎಂದರೆ ಸಂದೇಶ ನಮ್ಮ ಫೋನಿನಿಂದ ಹೊರಟಿದೆ, ಎರಡಾದರೆ ಅವರ ಫೋನನ್ನು ತಲುಪಿದೆ, ನೀಲಿಯಾದರೆ ಆ ಚಾಟ್ ಅವರ ಪರದೆಯ ಮೇಲೆ ತೆರೆದುಕೊಂಡಿದೆ. ತೆರೆದವರು ಗಮನವಿಟ್ಟು ಓದಿದರೋ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಕಣ್ಣಾಡಿಸಿದರೋ, ಫೋನ್ ಹಿಡಿದು ಆಡುತ್ತಿದ್ದ ಮೊಮ್ಮಗ ಒತ್ತಿಬಿಟ್ಟನೋ ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹಿಂದೆ ರಿಜಿಸ್ಟರ್ ಅಂಚೆಗೆ ಲಗತ್ತಿಸಿದ ಸ್ವೀಕೃತಿ ಕಾರ್ಡು ಸಹಿಯಾಗಿ ಮರಳಿದರೆ ಕಾಗದ ಮನೆ ಸೇರಿತೆಂದು ಸಮಾಧಾನಪಡುತ್ತಿದ್ದೆವೇ ಹೊರತು, ಸಹಿ ಹಾಕಿದವರು ಇನ್ನೂ ಏಕೆ ಉತ್ತರ ಬರೆದಿಲ್ಲವೆಂದು ಅದೇ ಸಂಜೆ ಕೊರಗುತ್ತಿರಲಿಲ್ಲ. 2014ರ ನವೆಂಬರ್‌ನಲ್ಲಿ ಈ ನೀಲಿ ಬಣ್ಣ ಬಂದಾಗ ಎಷ್ಟು ಜನ ಸಿಟ್ಟಾದರೆಂದರೆ, ಅದು ಕಾಣದಂತೆ ಮಾಡುವ ಆಯ್ಕೆಯನ್ನೂ ಕಂಪನಿ ಬೇಗನೆ ಒದಗಿಸಬೇಕಾಯಿತು.

ನನಗೆ ಪರಿಚಯವಿರುವ ಹಾಸನದ ಒಬ್ಬ ತಾಯಿಯ ವಿಚಾರ ಹೇಳುತ್ತೇನೆ. ಇದನ್ನು ಮೊದಲೇ ಕೇಳಿದವರು ಕ್ಷಮಿಸಬೇಕು. ಅವರ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಒಂದು ರಾತ್ರಿ ಮಲಗುವ ಮುನ್ನ ಅವರು, ‘ಗೃಹಪ್ರವೇಶಕ್ಕೆ ಬರ್ತೀಯೇನಪ್ಪಾ?’ ಎಂದು ಕೇಳಿದ್ದರು. ಬೆಳಿಗ್ಗೆ ನೋಡಿದರೆ ಟಿಕ್ ನೀಲಿಯಾಗಿದೆ, ಉತ್ತರವಿಲ್ಲ, ಹೆಸರಿನ ಕೆಳಗೆ ಕೊನೆಯದಾಗಿ ಕಂಡದ್ದು 3:10 ಎಂದಿದೆ. ಮಗ ನಡುರಾತ್ರಿ ಮೂರು ಗಂಟೆಗೆ ಎದ್ದು ಕೂತಿದ್ದಾನೆಂದರೆ ನಿದ್ದೆಯಿಲ್ಲ. ನಿದ್ದೆಯಿಲ್ಲವೆಂದರೆ ಕೆಲಸ ಹೋಗಿರಬೇಕು. ಕೆಲಸ ಹೋಗಿರುವುದರಿಂದಲೇ ಟಿಕೆಟ್ಟಿಗೆ ದುಡ್ಡಿಲ್ಲದೆ ಸುಮ್ಮನಿದ್ದಾನೆ. ಕಾಫಿ ಸೋಸುವಷ್ಟರಲ್ಲಿ ಅವರು ಇಲ್ಲಿಯವರೆಗೆ ತಲುಪಿದ್ದರು. ಮಗಳಿಗೆ ಫೋನ್ ಹೋಯಿತು, ಮಗಳಿಂದ ಅಲ್ಲಿಯ ಸೊಸೆಗೆ ಫೋನ್ ಹೋಯಿತು, ಸೊಸೆಗೆ ತನ್ನ ಮೇಲೇನೋ ದೂರು ಬಂದಿದೆಯೆಂಬ ಅನುಮಾನ ಹುಟ್ಟಿತು.

ನಡೆದದ್ದು ಇಷ್ಟೇ. ಲಾಸ್ಟ್ ಸೀನ್ ಸಮಯ ನೋಡುವವರ ಫೋನಿನ ಗಡಿಯಾರದ ಪ್ರಕಾರ ಕಾಣುತ್ತದೆ. ಅದು ಬೇಸಿಗೆಯಾದ್ದರಿಂದ ಹಾಸನಕ್ಕೂ ಕ್ಯಾಲಿಫೋರ್ನಿಯಾಕ್ಕೂ ಹನ್ನೆರಡೂವರೆ ಗಂಟೆಯ ಅಂತರವಿತ್ತು. ಅಮ್ಮನ ಪಾಲಿನ ಬೆಳಗಿನ ಜಾವ 3:10 ಮಗನಿಗೆ ಹಿಂದಿನ ದಿನದ ಮಧ್ಯಾಹ್ನ 2:40. ಆಫೀಸಿನಲ್ಲಿ ಎರಡು ಮೀಟಿಂಗುಗಳ ನಡುವೆ ಸಂದೇಶ ನೋಡಿದವನು, ರಜೆ ಸಿಗುತ್ತದೆಯೇ ಎಂದು ಕೇಳಿಕೊಂಡು ಆಮೇಲೆ ಹೇಳೋಣವೆಂದುಕೊಂಡಿದ್ದ. ಅಮ್ಮನ ಪ್ರಶ್ನೆಯನ್ನು ಆತ ಹಗುರವಾಗಿ ತೆಗೆದುಕೊಂಡಿರಲಿಲ್ಲ ಎಂಬ ಕಾರಣಕ್ಕೇ ಉತ್ತರ ತಡವಾಗಿತ್ತು. ‘ಹ್ಞೂಂ’ ಎನ್ನಬಹುದಾದದ್ದಕ್ಕೆ ನಾವು ಥಟ್ಟನೆ ಉತ್ತರಿಸುತ್ತೇವೆ, ಯೋಚಿಸಬೇಕಾದದ್ದನ್ನು ಸಂಜೆಗೆ ಇಟ್ಟುಕೊಳ್ಳುತ್ತೇವೆ, ಸಂಜೆಯ ಹೊತ್ತಿಗೆ ಅದು ಬೇರೆ ಸಂದೇಶಗಳ ಅಡಿಗೆ ಸೇರಿಹೋಗಿರುತ್ತದೆ.

‘ಆನ್‌ಲೈನ್’ ಎಂಬುದೂ ಹೀಗೆಯೇ. ಅವರ ಫೋನಿನಲ್ಲಿ ವಾಟ್ಸಾಪ್ ತೆರೆದಿದೆ ಎಂದಷ್ಟೇ ಅದರ ಅರ್ಥ. ಅವರು ಮಗುವಿನ ಶಾಲೆಯ ಗುಂಪಿನಲ್ಲಿ ಹೋಮ್‌ವರ್ಕ್ ಹುಡುಕುತ್ತಿರಬಹುದು. ತದ್ವಿರುದ್ಧವೂ ಉಂಟು: ಪರದೆಯ ಮೇಲಿಂದ ಇಳಿಯುವ ನೋಟಿಫಿಕೇಷನ್ನಿನಲ್ಲೇ ಪೂರ್ತಿ ಓದಿ ಮುಗಿಸಿದರೆ ನಿಮಗೆ ನೀಲಿ ಕಾಣುವುದೇ ಇಲ್ಲ. ಓದಿದವರ ಟಿಕ್ ಬೂದಾಗಿಯೇ ಇರಬಹುದು, ಓದದವರದು ನೀಲಿಯಾಗಬಹುದು.

ಹಾಗಾದರೆ ಮಾಡಬೇಕಾದದ್ದೇನು? ನಾವು ಕಳುಹಿಸಿದ್ದನ್ನು ಮೊದಲು ನಾವೇ ಮತ್ತೊಮ್ಮೆ ಓದಬೇಕು. ‘ಮಳೆ ಜೋರಾಗಿದೆ’ ಎಂಬುದು ಸುದ್ದಿ. ಅದಕ್ಕೆ ಉತ್ತರ ಬರಲೇಬೇಕೆಂದಿಲ್ಲ. ಪ್ರಶ್ನೆಯೇ ಆಗಿದ್ದು ಅವಸರವಿದ್ದರೆ ಫೋನ್ ಮಾಡಬೇಕು. ಅವಸರವಿಲ್ಲದಿದ್ದರೆ ಒಂದೆರಡು ದಿನ ಬಿಟ್ಟು, ಬರೀ ಪ್ರಶ್ನಾರ್ಥಕ ಚಿಹ್ನೆಯನ್ನು ಒಗೆಯದೆ, ‘ಅಡುಗೆಯವರಿಗೆ ಶುಕ್ರವಾರ ಲೆಕ್ಕ ಕೊಡಬೇಕು, ಅಷ್ಟರೊಳಗೆ ಬರುವುದು ತಿಳಿಸು’ ಎಂದು ಕಾರಣವನ್ನೂ ಗಡುವನ್ನೂ ಸೇರಿಸಿ ಬರೆಯಬೇಕು. ‘ನೋಡಿಯೂ ಸುಮ್ಮನಿದ್ದೀಯಲ್ಲ’ ಎಂದು ಬರೆದಿರೋ, ಮಾತು ಗೃಹಪ್ರವೇಶವನ್ನು ಬಿಟ್ಟು ಟಿಕ್ಕಿನ ವಿಚಾರಣೆಗೆ ತಿರುಗುತ್ತದೆ. ಮೌನಕ್ಕೆ ನಿಜವಾಗಿಯೂ ಅರ್ಥವಿರುವ ಸಂದರ್ಭಗಳು ಇಲ್ಲವೆಂದಲ್ಲ. ಕೊಟ್ಟ ಸಾಲವನ್ನು ಕೇಳಿದಾಗಲೆಲ್ಲ ಸುಮ್ಮನಾಗಿ, ಮಿಕ್ಕ ಮಾತಿಗೆಲ್ಲ ಉತ್ತರಿಸುವವರ ಮೌನ ಅಂಥದ್ದು. ಆದರೆ ಅದು ತಿಳಿಯುವುದು ಹಲವು ಸಲದ ನಡವಳಿಕೆಯಿಂದ, ಮತ್ತು ಅದಕ್ಕೆ ಎದುರು ಕೂತು ಕೇಳುವುದೇ ದಾರಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅವರ ಟಿಕ್ ನನಗೆ ಅರ್ಥವಾಗಿದೆ. ಕೊನೆಯ ಮಾತು ಬೇಗ ಹೇಳುತ್ತೇನೆ. Settings ಒಳಗಿನ Privacy ತೆರೆದು Read receipts ಆಫ್ ಮಾಡಿದರೆ ನಿಮ್ಮ ನೀಲಿ ಟಿಕ್ ಅವರಿಗೆ ಕಾಣುವುದಿಲ್ಲ, ಅವರದು ನಿಮಗೂ ಕಾಣುವುದಿಲ್ಲ; ತಡೆಯಲಾರದೆ ಪದೇಪದೇ ಇಣುಕುವವರಿಗೆ ಈ ಎರಡನೆಯದೇ ನಿಜವಾದ ಲಾಭ. Last seen ಕೂಡ ಅಲ್ಲಿಯೇ ಇದೆ. ಗುಂಪುಗಳಲ್ಲಿ ಮಾತ್ರ ಈ ಆಯ್ಕೆ ನಡೆಯುವುದಿಲ್ಲ, ಆದ್ದರಿಂದ ನಮ್ಮ ವೇದಿಕೆಯ ಗುಂಪಿನಲ್ಲಿ ವಂತಿಗೆಯ ಸೂಚನೆಯನ್ನು ಯಾರು ಯಾರು ನೋಡಿದ್ದಾರೆಂದು ಖಜಾಂಚಿಗಳಿಗೆ ಎಂದಿನಂತೆ ತಿಳಿಯುತ್ತಲೇ ಇರುತ್ತದೆ.